ಮನೆಯಲ್ಲೇ ಕಟ್ಟಿದ ಡಿಸ್ಟಾರ್ಷನ್ ಪೆಡಲ್, ವರ್ಷಗಟ್ಟಲೆ ಬಳಸಿದ ಮೇಲೆ: ಡಯೋಡಿಗಿಂತ ಕೆಪಾಸಿಟರ್ ಮುಖ್ಯ

ಈ ಗಿಟಾರ್ ಪೆಡಲಿನ ಸರ್ಕ್ಯೂಟ್ ಹಳೆಯದು. 1970ರ ದಶಕದ ಎಂಎಕ್ಸ್‌ಆರ್ ಡಿಸ್ಟಾರ್ಷನ್ ಪ್ಲಸ್ ಮತ್ತು ಡಿಒಡಿ 250 ಪೆಡಲ್‌ಗಳ ಒಳಗಿರುವುದು ಹೆಚ್ಚುಕಡಿಮೆ ಇದೇ. ಒಂದು 741 ಆಪ್‌ಆಂಪ್, ಎರಡು ಡಯೋಡ್, ಗೇನ್ ಮತ್ತು ವಾಲ್ಯೂಮ್‌ಗೆ ಒಂದೊಂದು ಪಾಟ್, ಒಂದು 9 ವೋಲ್ಟ್ ಬ್ಯಾಟರಿ, ಜೊತೆಗೆ ಬೆರಳೆಣಿಕೆಯಷ್ಟು ರೆಸಿಸ್ಟರ್, ಕೆಪಾಸಿಟರ್.

ಕೆಲಸ ಎರಡು ಹಂತದಲ್ಲಿ ನಡೆಯುತ್ತದೆ. ಮೊದಲು ಆಪ್‌ಆಂಪ್ ಸಿಗ್ನಲ್ ಅನ್ನು ಹಿಗ್ಗಿಸುತ್ತದೆ. ಫೀಡ್‌ಬ್ಯಾಕಿನಲ್ಲಿ 1 ಮೆಗಾಓಮ್, ಗ್ರೌಂಡ್ ಕಡೆಗೆ 4.7 ಕೆ ಇರುವುದರಿಂದ ಗೇನ್ ಪೂರ್ತಿ ತಿರುಗಿಸಿದಾಗ 200 ಪಟ್ಟು ದಾಟುತ್ತದೆ. ಆಮೇಲೆ 10 ಕೆ ರೆಸಿಸ್ಟರ್ ದಾಟಿ ಬಂದ ಸಿಗ್ನಲ್ಲಿಗೆ ಎದುರುಬದುರಾಗಿ ಗ್ರೌಂಡಿಗೆ ಕಟ್ಟಿದ ಎರಡು ಡಯೋಡ್‌ಗಳು ಸಿಗುತ್ತವೆ. 1N4148 ಹಾಕಿದ್ದರೆ ಸುಮಾರು ಅರ್ಧ ವೋಲ್ಟಿನ ಮೇಲಿನ ಅಲೆಯ ತಲೆ ಎರಡೂ ಕಡೆ ಕತ್ತರಿಸಿಹೋಗುತ್ತದೆ. ಇದು ಹಾರ್ಡ್ ಕ್ಲಿಪಿಂಗ್. ಟ್ಯೂಬ್ ಸ್ಕ್ರೀಮರ್ ಜಾತಿಯ ಪೆಡಲ್‌ಗಳಲ್ಲಿ ಡಯೋಡ್ ಇರುವುದು ಫೀಡ್‌ಬ್ಯಾಕಿನೊಳಗೆ. ಅಲ್ಲಿ ಕತ್ತರಿಸಿದ ಅಲೆಯ ಮೇಲೆ ಮೂಲ ಸಿಗ್ನಲ್ ಸ್ವಲ್ಪ ಉಳಿದುಕೊಳ್ಳುವುದರಿಂದ ಅಂಚು ಮೆದುವಾಗುತ್ತದೆ.

ಡಯೋಡ್ ಬದಲಿಸಿದರೆ ಟೋನ್ ಬದಲಾಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಕೆಂಪು ಎಲ್‌ಇಡಿ ಜೋಡಿ ಸುಮಾರು 1.6 ವೋಲ್ಟಿಗೆ ಕತ್ತರಿಸುತ್ತದೆ, ಅಂದರೆ ಔಟ್‌ಪುಟ್ ಸುಮಾರು 10 ಡೆಸಿಬೆಲ್ ಜಾಸ್ತಿ. "ಆಹಾ, ಏನು ತೆರೆದುಕೊಂಡಿತು" ಅನ್ನಿಸುವುದರಲ್ಲಿ ದೊಡ್ಡ ಪಾಲು ಈ ಜೋರಿನದೇ. ವಾಲ್ಯೂಮ್ ಸಮ ಮಾಡಿ ಕೇಳಿದರೆ ವ್ಯತ್ಯಾಸ ಇದೆ, ಆದರೆ ಅಷ್ಟಿಲ್ಲ. ಜರ್ಮೇನಿಯಂ ಡಯೋಡ್ ಇನ್ನೂ ಕಡಿಮೆ ವೋಲ್ಟಿಗೇ, ಆದರೆ ಮೆಲ್ಲಮೆಲ್ಲಗೆ ತೆರೆದುಕೊಳ್ಳುತ್ತದೆ. ನೋಟು ಕ್ಷೀಣಿಸುವಾಗಲೂ ಗೊರಗೊರ ಹೆಚ್ಚು ಹೊತ್ತು ಉಳಿಯುತ್ತದೆ, ಔಟ್‌ಪುಟ್ ಮಾತ್ರ ಕಡಿಮೆ.

ನಿಜವಾದ ಟೋನ್ ಇರುವುದು 4.7 ಕೆ ಜೊತೆಗಿರುವ 47 ನ್ಯಾನೋಫ್ಯಾರಡ್ ಕೆಪಾಸಿಟರಿನಲ್ಲಿ. ಮೈಮೇಲೆ 473 ಅಂತ ಬರೆದಿರುತ್ತದೆ. ಪೂರ್ತಿ ಗೇನ್‌ನಲ್ಲಿ ಇವೆರಡೂ ಸೇರಿ ಸುಮಾರು 720 ಹರ್ಟ್ಸ್ ಕೆಳಗೆ ಗೇನ್ ಇಳಿಸುತ್ತಾ ಹೋಗುತ್ತವೆ. ಲೆಕ್ಕ ಹಾಕಿ ನೋಡಿ. ದಪ್ಪ ಇ ತಂತಿಯ 82 ಹರ್ಟ್ಸ್‌ಗೆ ಈ ಕೆಪಾಸಿಟರ್ ಸುಮಾರು 41 ಕೆ ಅಡ್ಡಿ ಒಡ್ಡುತ್ತದೆ, ಆದ್ದರಿಂದ ಗೇನ್ 24 ಪಟ್ಟು ಅಷ್ಟೇ. 2 ಕಿಲೋಹರ್ಟ್ಸ್‌ನಲ್ಲಿ ಅದೇ ಗೇನ್ 200ರ ಹತ್ತಿರ. ಕ್ಲಿಪಿಂಗ್‌ಗೆ ಮುಂಚೆಯೇ ಬಾಸ್ ಇಳಿಸುವುದರಿಂದ ಕಾರ್ಡ್ ನುಡಿಸಿದಾಗ ಕೆಸರಾಗುವುದಿಲ್ಲ, ಲೀಡ್ ಎದ್ದು ಕೇಳುತ್ತದೆ. ರಿಫ್‌ಗೆ ಸೊರಗಿದ ಹಾಗೆ ಅನಿಸಿದರೆ 100 ನ್ಯಾನೋ (104) ಹಾಕಿ. ಆ 82 ಹರ್ಟ್ಸ್‌ನ ಗೇನ್ 50ಕ್ಕೆ ಏರುತ್ತದೆ. ಅದಕ್ಕಿಂತ ಮೇಲೆ ಹೋದರೆ ದಪ್ಪ ತಂತಿಗಳು ಪಡಪಡ ಅನ್ನತೊಡಗುತ್ತವೆ. ತಂತಿ ಇಳಿಸಿ ಮೆಟಲ್ ನುಡಿಸುವವರು ಈ ಸರ್ಕ್ಯೂಟನ್ನು ಬಿಟ್ಟುಬಿಡುವುದೇ ಮೇಲು.

ಮೇಲಿನ ತುದಿ ಚುಚ್ಚಿದರೆ ಡಯೋಡ್‌ಗಳ ಪಕ್ಕದ 1 ನ್ಯಾನೋ ತೆಗೆದು 4.7 ನ್ಯಾನೋ ಹಾಕಿ. ವಾಲ್ಯೂಮ್ ಪಾಟ್ 100 ಕೆ ಇದ್ದರೆ ಕಡಿತ ಹದಿನೇಳು ಕಿಲೋಹರ್ಟ್ಸ್ ಆಸುಪಾಸಿನಿಂದ ನಾಲ್ಕರ ಒಳಗೆ ಇಳಿಯುತ್ತದೆ. 741 ಬದಲು TL071 ಹಾಕಿದರೆ ಹಿಸ್ ಕಡಿಮೆ, ಆದರೆ ಸದ್ದು ಒರಟು. 741 ನಿಧಾನದ ಚಿಪ್, 200 ಪಟ್ಟು ಗೇನ್‌ನಲ್ಲಿ 5 ಕಿಲೋಹರ್ಟ್ಸ್ ಹೊತ್ತಿಗೆ ತಾನೇ ಸುಸ್ತಾಗುತ್ತದೆ. ಇಲ್ಲಿ ಅದು ಗುಣವೇ.

ಕಟ್ಟುವಾಗ ಕೈಕೊಡುವ ಜಾಗಗಳು ಕೆಲವೇ. ಗೇನ್ ಪಾಟ್ C500K ಇರಲಿ. B500K ಹಾಕಿದರೆ ಮುಕ್ಕಾಲು ತಿರುವಿನವರೆಗೆ ಏನೂ ಆಗದೆ ಕೊನೆಯಲ್ಲಿ ಒಮ್ಮೆಲೇ ಗೇನ್ ನುಗ್ಗುತ್ತದೆ. ಗೇನ್ ಏರಿಸಿದಾಗ ಕೀ ಅಂತ ಕಿರುಚಿದರೆ ಇನ್‌ಪುಟ್, ಔಟ್‌ಪುಟ್ ವೈರುಗಳು ಅಕ್ಕಪಕ್ಕ ಓಡಿವೆ ಎಂದರ್ಥ. ಇದು ನಾನ್‌ಇನ್ವರ್ಟಿಂಗ್ ಸರ್ಕ್ಯೂಟ್, ಔಟ್‌ಪುಟ್ ಸೋರಿ ಬಂದರೆ ಇನ್‌ಪುಟ್ಟಿಗೇ ಕೂಡಿಕೊಳ್ಳುತ್ತದೆ. ಸದ್ದು ಜೋರಾಗಿದ್ದೂ ಗೊರಗೊರ ಕಡಿಮೆಯಿದ್ದರೆ ಎರಡೂ ಡಯೋಡ್ ಒಂದೇ ದಿಕ್ಕಿಗಿವೆಯೇ ನೋಡಿ; ಆಗ ಅಲೆಯ ಒಂದೇ ಬದಿ ಕತ್ತರಿಸುತ್ತದೆ. ಸದ್ದೇ ಇಲ್ಲದಿದ್ದರೆ ಮಲ್ಟಿಮೀಟರ್ ಹಿಡಿದು 6ನೇ ಪಿನ್ ನೋಡಿ, 4.5 ವೋಲ್ಟ್ ಆಸುಪಾಸು ಇರಬೇಕು. 3ನೇ ಪಿನ್ನಿನಲ್ಲಿ 4.1 ತೋರಿಸಿದರೆ ಗಾಬರಿ ಬೇಡ. ಅಲ್ಲಿನ 1 ಮೆಗಾಓಮ್ ಬಯಾಸ್ ರೆಸಿಸ್ಟರಿನ ಮೇಲೆ ಮೀಟರಿನ ಸ್ವಂತ ಹೊರೆ ಬೀಳುತ್ತದೆ.

ಇಷ್ಟು ಬಳಸಿದ ಮೇಲೆ ಸವೆಯುವುದು ಸರ್ಕ್ಯೂಟ್ ಅಲ್ಲ, ಜಾಕ್. ನಟ್ ಸಡಿಲವಾಗಿ ಜಾಕ್ ಪೂರ್ತಿ ತಿರುಗಿದರೆ ಒಳಗಿನ ವೈರ್ ಬೆಸುಗೆಯ ಬುಡದಲ್ಲೇ ಮುರಿಯುತ್ತದೆ. ನಟ್ಟಿನ ಕೆಳಗೆ ಹಲ್ಲಿನ ವಾಷರ್ ಹಾಕಿ, ಸಿಂಗಲ್ ಕೋರ್ ವೈರ್ ಬಿಟ್ಟು ಎಳೆಗಳಿರುವ ವೈರ್ ಬಳಸಿ.