ಹೂಡಿಕೆದಾರರ ತಿಂಗಳ ವರದಿ: ಬರಹಗಾರ, ಸ್ಲೈಡ್, ಸಾದಾ ಮೇಲ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಸಾದಾ ಮೇಲ್‌ಗೆ. ಉಳಿದ ಎರಡಕ್ಕೂ ದುಡ್ಡು ಸುರಿದ ಮೇಲೆ ಹುಟ್ಟಿದ ಮತ ಇದು.

ನಮ್ಮದು ಹುಬ್ಬಳ್ಳಿಯ ಚಿಕ್ಕ ಕಂಪನಿ. ಔಷಧ ಸಗಟು ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಲೆಕ್ಕಪತ್ರ ನನ್ನ ಪಾಲಿಗೆ, ಮಾತು ಫೌಂಡರ್ ಪಾಲಿಗೆ. ಅವರ ಸುದ್ದಿಗಳೆಲ್ಲ ವಾಟ್ಸ್ಯಾಪ್ ಗ್ರೂಪಿನಲ್ಲಿ ಚೆಲ್ಲಾಡಿರುತ್ತವೆ: ರಾತ್ರಿ ಹನ್ನೊಂದಕ್ಕೊಂದು ವಾಯ್ಸ್ ನೋಟು, ರೈಲಿನಿಂದ ಒಂದು ಫೋಟೊ, ನಡುವೆ "ಬೆಳಗಾವಿ ಪಾರ್ಟಿ ಬಹುತೇಕ ಆದಂಗ ನೋಡ್ರಿ." ಇದನ್ನೆಲ್ಲ ಒಂದು ಪುಟಕ್ಕೆ ಇಳಿಸಬೇಕು.

ಸ್ಲೈಡ್‌ನ ಪಿಡಿಎಫ್ ನೋಡಲು ಚೆಂದ. ಆದರೆ ಮೊಬೈಲಿನಲ್ಲಿ ಓದಲು ಹಿಗ್ಗಿಸಿ ಹಿಗ್ಗಿಸಿ ಬೆರಳು ಸೋಲುತ್ತದೆ, ಒಂದು ಅಂಕಿ ತಿದ್ದಬೇಕೆಂದರೆ ಮತ್ತೆ ಡಿಸೈನರ್‌ಗೆ ಫೋನು.

ಹೊರಗಿನ ಬರಹಗಾರರಿಂದ ಬರೆಸಿದ್ದೇ ದೊಡ್ಡ ತಲೆನೋವು. ಭಾಷೆ ಸೊಗಸಾಗಿತ್ತು, ಸಮಯಕ್ಕೂ ಕೊಟ್ಟರು. ಕಾಡಿದ್ದು ಒಂದೇ ಸಾಲು. ಫೌಂಡರ್ ಗ್ರೂಪಿನಲ್ಲಿ "ಈ ತಿಂಗಳ 11.8 ಲಕ್ಷ ಬಂತು" ಎಂದು ಹಾಕಿದ್ದರು. ಬರಹಗಾರರು ಅದನ್ನು "11.8 ಲಕ್ಷ ಆದಾಯ" ಎಂದು ಬರೆದು, ದಪ್ಪಕ್ಷರ ಮಾಡಿ ಮೊದಲ ಸಾಲಿಗೇ ತಂದರು.

ಆ ಅಂಕಿಯನ್ನು ಬಿಡಿಸಿ ನೋಡಿ. 18 ಶೇಕಡ ಜಿಎಸ್‌ಟಿ ಕಳೆದರೆ ಉಳಿಯುವುದು 10 ಲಕ್ಷ. ಕಳೆದ 1.8 ಲಕ್ಷ ನಮ್ಮದಲ್ಲ, ಮುಂದಿನ ತಿಂಗಳು 20ರೊಳಗೆ ಸರ್ಕಾರಕ್ಕೆ ಕಟ್ಟಬೇಕಾದದ್ದು (ಇನ್‌ಪುಟ್ ಕ್ರೆಡಿಟ್ ಲೆಕ್ಕ ಇಲ್ಲಿ ಬಿಟ್ಟಿದ್ದೇನೆ). ಉಳಿದ 10ರಲ್ಲಿ 6 ಲಕ್ಷ ಒಬ್ಬ ಗ್ರಾಹಕ ಇಡೀ ವರ್ಷಕ್ಕೆ ಮುಂಗಡ ಕೊಟ್ಟದ್ದು. ಅದನ್ನು ಹನ್ನೆರಡು ತಿಂಗಳಿಗೆ ಹಂಚಿದರೆ ಈ ತಿಂಗಳಿಗೆ ಸಲ್ಲುವುದು 50 ಸಾವಿರ ಮಾತ್ರ. ತಿಂಗಳ ಶುಲ್ಕದ 4 ಲಕ್ಷ ಸೇರಿಸಿದರೆ ನಿಜವಾದ ಆದಾಯ 4.5 ಲಕ್ಷ.

ಇಲ್ಲಿಗೇ ನಿಂತಿದ್ದರೆ ಆಗುತ್ತಿತ್ತು. ಅದೇ ಅಂಕಿ ರನ್‌ವೇ ಲೆಕ್ಕಕ್ಕೂ, ಅಂದರೆ ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಲುತ್ತದೆ ಎಂಬ ಲೆಕ್ಕಕ್ಕೂ, ನುಸುಳಿತು. ತಿಂಗಳ ಖರ್ಚು 13 ಲಕ್ಷ, ಬಂದದ್ದು 11.8, ಕರಗಿದ್ದು 1.2, ಬ್ಯಾಂಕಿನಲ್ಲಿ 72 ಲಕ್ಷ. ಭಾಗಿಸಿದರೆ 60 ತಿಂಗಳು! ಐದು ವರ್ಷ ಕೂತು ಉಣ್ಣಬಹುದಾದ ಕಂಪನಿ ಹಣ ಯಾಕೆ ಕೇಳುತ್ತದೆ ಎಂದು ಯಾವ ಹೂಡಿಕೆದಾರನಾದರೂ ಹುಬ್ಬೇರಿಸುತ್ತಾನೆ. ವಾರ್ಷಿಕ ಮುಂಗಡ ಬಾರದ ತಿಂಗಳಲ್ಲಿ ನಮ್ಮಲ್ಲಿ ಕರಗುವುದು 9 ಲಕ್ಷ. ಬ್ಯಾಂಕಿನ ಮೊತ್ತದಿಂದ ಜಿಎಸ್‌ಟಿ ತೆಗೆದಿಟ್ಟು 70.2 ಲಕ್ಷವನ್ನು 9ರಿಂದ ಭಾಗಿಸಿದರೆ ಎಂಟು ತಿಂಗಳಿಗೂ ಕಮ್ಮಿ. ಮೂರು ತಿಂಗಳಲ್ಲಿ ಕರಗಿದ್ದರ ಸರಾಸರಿ ಹಿಡಿದರೆ 10 ತಿಂಗಳು ಬರುತ್ತದೆ, ಅದೂ ಸುಳ್ಳಲ್ಲ. ಆದರೆ ಇನ್ನೊಂದು ವಾರ್ಷಿಕ ಚೆಕ್ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲವಲ್ಲ, ಹಾಗಾಗಿ ನಾನು ಸಣ್ಣ ಅಂಕಿಯನ್ನೇ ಹಾಕುತ್ತೇನೆ.

ಇದರಲ್ಲಿ ಬರಹಗಾರರದ್ದೇನೂ ತಪ್ಪಿಲ್ಲ. "ಬಂತು" ಅಂದರೆ ಬಿಲ್ ಹಾಕಿದ್ದೋ, ಖಾತೆಗೆ ಬಿದ್ದದ್ದೋ, ಗಳಿಸಿದ್ದೋ ಎಂಬುದು ಬ್ಯಾಂಕ್ ಸ್ಟೇಟ್‌ಮೆಂಟ್ ಮುಂದಿಟ್ಟುಕೊಂಡವನಿಗೆ ಮಾತ್ರ ಗೊತ್ತಾಗುವ ಸಂಗತಿ.

ಈಗ ಸಾದಾ ಮೇಲ್. ಸ್ಟೇಟ್‌ಮೆಂಟ್ ತಾಳೆಯಾದ ಮೇಲೆ, ತಿಂಗಳ ಮೊದಲ ವಾರದ ಕೊನೆಗೆ ಕೂರುತ್ತೇನೆ. ಮೇಲೆ ನಾಲ್ಕೇ ಅಂಕಿ: ಆದಾಯ, ಕರಗಿದ ಹಣ, ಬ್ಯಾಂಕಿನಲ್ಲಿರುವುದು, ರನ್‌ವೇ. ಪ್ರತಿಯೊಂದರ ಪಕ್ಕ ಹೋದ ತಿಂಗಳ ಅಂಕಿ. ಲೆಕ್ಕ ಹಾಕುವ ಬಗೆ ತಿಂಗಳಿಂದ ತಿಂಗಳಿಗೆ ಬದಲಾಗಕೂಡದು. ಬದಲಾದರೆ ಅಲ್ಲೇ ಒಂದು ಸಾಲು ಬರೆಯಬೇಕು. ಆಮೇಲೆ ಏನು ಆಯಿತು, ಏನು ಆಗಲಿಲ್ಲ, ಏನು ಬೇಕು.

ಗ್ರೂಪಿನ ಮಾತು ಇಲ್ಲಿ ರೂಪ ಬದಲಿಸುತ್ತದೆ. "ಬಹುತೇಕ ಆದಂಗ" ಎಂಬುದು "ಬೆಳಗಾವಿ ಗ್ರಾಹಕರು ಬೆಲೆ ಒಪ್ಪಿದ್ದಾರೆ, ಸಹಿ ಬಾಕಿ" ಎಂದಾಗುತ್ತದೆ. "ಟೀಮ್ ಸ್ವಲ್ಪ ಟೈಟ್ ಐತಿ" ಎಂದರೆ ಏನೆಂದು ಫೌಂಡರ್‌ಗೆ ಫೋನ್ ಮಾಡಿ ಕೇಳಿದೆ. "ಆಂಡ್ರಾಯ್ಡ್ ಹುಡುಗ ಬಿಟ್ಟು ಹೋಗ್ಯಾನ್ರಿ, ಅದನ್ಯಾಕ ಬರೀತೀರಿ?" ಅಂದರು. ಬರೆದೆ: "ಆಂಡ್ರಾಯ್ಡ್ ಎಂಜಿನಿಯರ್ ಕೆಲಸ ಬಿಟ್ಟಿದ್ದಾರೆ, ಹೊಸ ಆ್ಯಪ್ ಒಂದು ತಿಂಗಳು ತಡ." ಕೆಳಗೆ, ಬೇಕಾದದ್ದರ ಸಾಲಿನಲ್ಲಿ, "ಆಂಡ್ರಾಯ್ಡ್ ಬಲ್ಲ, ಹುಬ್ಬಳ್ಳಿಗೆ ಬರಲೊಪ್ಪುವ ಎಂಜಿನಿಯರ್ ಗೊತ್ತಿದ್ದರೆ ಪರಿಚಯಿಸಿ." ಬರೀ "ಸಹಾಯ ಬೇಕು" ಎಂದಾಗ ಯಾರೂ ಉತ್ತರಿಸಿರಲಿಲ್ಲ, ಇದಕ್ಕೆ ಇಬ್ಬರು ಹೆಸರು ಕಳಿಸಿದರು.

ಎಲ್ಲರನ್ನೂ ಬಿಸಿಸಿಯಲ್ಲಿ ಹಾಕಿ. ಒಬ್ಬರ ಉತ್ತರ ಎಲ್ಲರಿಗೂ ಹೋಗುವುದು ಬೇಡ.

ಖರ್ಚು ನನ್ನ ಒಂದು ಸಂಜೆ, ಅಷ್ಟೇ. ಅಂಕಿಗಳ ಜೊತೆ ಕೂರುವ ಅಭ್ಯಾಸ ಇರುವ ನನಗೆ ಅದು ಭಾರವಲ್ಲ. ನಿಮ್ಮಲ್ಲಿ ಲೆಕ್ಕ ನೋಡುವವರು ಬರೆಯಲು ಹಿಂಜರಿಯುವವರಾದರೆ ಬರಹಗಾರರನ್ನು ಇಟ್ಟುಕೊಳ್ಳಿ, ಆದರೆ ಆ ನಾಲ್ಕು ಅಂಕಿಗಳನ್ನು ನೀವೇ ತುಂಬಿ ಕೊಡಿ. ಸ್ಲೈಡ್‌ಗಳನ್ನು ನಾನು ಮೂರು ತಿಂಗಳಿಗೊಮ್ಮೆ ಬರುವ ಬೋರ್ಡ್ ಸಭೆಗೆ ಮೀಸಲಿಟ್ಟಿದ್ದೇನೆ.