ಗುಂಪು ಟ್ಯೂಷನ್, ವಿಡಿಯೋ ಪಾಠ, ಮನೆಗೆ ಬರುವ ಟೀಚರ್: ಒಂದೇ ತಪ್ಪಿಗೆ ಮೂರು ಪ್ರಯತ್ನ

ನಾಲ್ಕನೇ ತರಗತಿಯ ನನ್ನ ಮಗಳು 503ರಲ್ಲಿ 278 ಕಳೆದು 375 ಅಂತ ಬರೆಯುತ್ತಿದ್ದಳು. ಒಂದು ಸಲ ಅಲ್ಲ, ಪ್ರತಿ ಸಲ. ಗಮನ ಇಲ್ಲ ಅಂತ ನಾನೂ ಬೈಯುತ್ತಿದ್ದೆ.

ಮೊದಲು ಗುಂಪು ಟ್ಯೂಷನ್‌ಗೆ ಹಾಕಿದೆವು. ಹೋಂವರ್ಕ್ ಅಲ್ಲೇ ಮುಗಿಯುತ್ತಿತ್ತು, ಅದೊಂದು ನೆಮ್ಮದಿ. ಲೆಕ್ಕ ತಪ್ಪಾದರೆ ಬೋರ್ಡ್ ನೋಡಿ ಸರಿ ಉತ್ತರ ಬರೆದುಕೊಳ್ಳುತ್ತಿದ್ದಳು. ನೋಟ್‌ಬುಕ್ ಚೆನ್ನಾಗಿತ್ತು, ತಪ್ಪು ಹಾಗೇ ಇತ್ತು.

ಆಮೇಲೆ ವಿಡಿಯೋ ಪಾಠ. ಇದು ಸ್ವಲ್ಪ ವಾಸಿ. 'ಪಕ್ಕದ ಮನೆಯಿಂದ ಸಾಲ ತಗೋ' ಅನ್ನೋದು ಬಾಯಿಪಾಠ ಆಯಿತು, 543ರಲ್ಲಿ 278 ಕಳೆಯುವುದು ಸರಿಹೋಯಿತು. ಆದರೆ ಮಧ್ಯೆ ಸೊನ್ನೆ ಬಂದರೆ ಮತ್ತೆ ಅದೇ ಕಥೆ. ತಪ್ಪು ಅಂತ ಕೆಂಪು ಗುರುತು ಬರುತ್ತಿತ್ತು, ಯಾಕೆ ತಪ್ಪು ಅಂತ ಬರುತ್ತಿರಲಿಲ್ಲ.

ಕೊನೆಗೆ ಮನೆಗೆ ಬರುವ ಟೀಚರ್, ವಾರಕ್ಕೆ ಎರಡು ದಿನ. ಮೊದಲ ದಿನ ಅವರು ಏನೂ ಹೇಳಿಕೊಡಲಿಲ್ಲ. "ಇವತ್ತು ನೀನೇ ಟೀಚರ್, ನನಗೆ ಹೇಳಿಕೊಡು" ಅಂದರು. ಮಗಳು ಹೇಳಿದಳು: "ಮೂರರಲ್ಲಿ ಎಂಟು ಹೋಗಲ್ಲ. ಪಕ್ಕದಲ್ಲಿ ಸೊನ್ನೆ, ಅವರ ಹತ್ರನೂ ಏನಿಲ್ಲ. ಅದಕ್ಕೆ ಎಂಟರಲ್ಲೇ ಮೂರು ಕಳೆದೆ." ಪಕ್ಕದ ಕೋಣೆಯಲ್ಲಿದ್ದ ನನಗೆ ನಾಚಿಕೆಯಾಯಿತು. ಅದು ಗಮನ ಇಲ್ಲದ ತಪ್ಪಲ್ಲ, ದಾರಿ ಕಾಣದೆ ಅವಳೇ ಮಾಡಿಕೊಂಡ ನಿಯಮ.

ಮುಂದಿನ ಸಲ ಕಡ್ಡಿಗಳು ಬಂದವು. ಹತ್ತು ಕಡ್ಡಿಗೆ ಒಂದು ಕಟ್ಟು, ಹತ್ತು ಕಟ್ಟಿಗೆ ಒಂದು ದೊಡ್ಡ ಕಟ್ಟು. (ಐದು ದೊಡ್ಡ ಕಟ್ಟು ಕಟ್ಟಿದವಳು ನಾನು, ಬೆರಳು ನೋಯುವಷ್ಟು!) ಐದು ದೊಡ್ಡ ಕಟ್ಟು, ಬಿಡಿ ಮೂರು: ಇದು 503. ಎಂಟು ಬಿಡಿ ಕೊಡು ಅಂದಾಗ ಮಗಳೇ ಒಂದು ದೊಡ್ಡ ಕಟ್ಟು ಬಿಚ್ಚಿದಳು. ಹತ್ತು ಸಣ್ಣ ಕಟ್ಟು ಸಿಕ್ಕವು, ಅದರಲ್ಲೊಂದನ್ನು ಬಿಚ್ಚಿದಳು. ಈಗ ನಾಲ್ಕು ದೊಡ್ಡದು, ಒಂಬತ್ತು ಸಣ್ಣದು, ಹದಿಮೂರು ಬಿಡಿ. ಸೊನ್ನೆಯ ಜಾಗದಲ್ಲಿ ಒಂಬತ್ತು ಯಾಕೆ ಬರುತ್ತೆ ಅಂತ ಆವತ್ತು ಕೈಗೆ ಗೊತ್ತಾಯಿತು. ಉತ್ತರ 225.

ಬದಲಾದದ್ದು ಎರಡು. ಈಗ ಉತ್ತರ ಬರೆದ ಮೇಲೆ ಕೂಡಿಸಿ ನೋಡುತ್ತಾಳೆ. ಹಳೆಯ 375ಕ್ಕೆ 278 ಕೂಡಿಸಿ 653 ಬಂದಾಗ ತಾನೇ ನಕ್ಕಳು. ಎರಡನೆಯದು, ಯಾರೂ ಹೇಳಿಕೊಡದ 7002ರಲ್ಲಿ 3456 ಕಳೆಯುವ ಲೆಕ್ಕವನ್ನು ಕಡ್ಡಿ ಇಲ್ಲದೆ ತಾನೇ ಮಾಡಿ 3546 ತಂದಳು.

ಬದಲಾಗದ್ದೂ ಇದೆ. ವೇಗ ಕಡಿಮೆಯಾಗಿದೆ, ಕಳೆದ ಪರೀಕ್ಷೆಯಲ್ಲಿ ಕೊನೆಯ ಎರಡು ಲೆಕ್ಕ ಬಿಟ್ಟು ಬಂದಳು. ವಾಕ್ಯದ ಲೆಕ್ಕದಲ್ಲಿ 'ಒಟ್ಟು' ಅನ್ನೋ ಪದ ಕಂಡರೆ ಸಾಕು, ಈಗಲೂ ಸುಮ್ನೆ ಕೂಡಿಸಿಬಿಡುತ್ತಾಳೆ. ಹೋಂವರ್ಕ್ ಈ ಟೀಚರ್ ಮುಟ್ಟುವುದೇ ಇಲ್ಲ, ಅದು ನನ್ನ ತಲೆಗೇ ಬಂದಿದೆ. ಬರೀ ಹೋಂವರ್ಕ್ ಮುಗಿಯುತ್ತಿಲ್ಲ ಅನ್ನೋ ಮನೆಗೆ ಗುಂಪು ಟ್ಯೂಷನ್ನೇ ಸಾಕು. ಹೊಸ ಟೀಚರ್ ಹುಡುಕುವವರು ಮೊದಲ ದಿನ ಬಾಗಿಲ ಹತ್ತಿರ ಕೂತು ಕೇಳಿ, ಜಾಸ್ತಿ ಮಾತಾಡುತ್ತಿರುವವರು ಟೀಚರ್ರೋ ಮಗುವೋ ಅಂತ.