ಬಿಳಿ ಕಾಟನ್ ಕುರ್ತಾ: ಲೈನಿಂಗ್ ಹೊಲಿಸಬೇಕಾ, ಸ್ಲಿಪ್ ಸಾಕಾ?

ಬಟ್ಟೆಯನ್ನು ಕಿಟಕಿ ಬೆಳಕಿಗೆ ಹಿಡಿದು ಹಿಂದೆ ಕೈ ಇಡಿ. ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಲೈನಿಂಗ್ ಬೇಕೇ ಬೇಕು. ಮಸುಕಾಗಿ ನೆರಳಷ್ಟೇ ಕಂಡರೆ ಸ್ಲಿಪ್ ಸಾಕು.

ಲೈನಿಂಗ್ ಜಾರುವುದಿಲ್ಲ, ಕತ್ತಿನ ಹತ್ತಿರ ಇಣುಕುವುದಿಲ್ಲ. ತೊಂದರೆ ಶುರುವಾಗುವುದು ಒಗೆದ ಮೇಲೆ. ಕಾಟನ್ ಲೈನಿಂಗ್ ಮೇಲಿನ ಬಟ್ಟೆಗಿಂತ ಜಾಸ್ತಿ ಕುಗ್ಗಿದರೆ ಹೊಲಿಗೆ ಎಳೆದುಕೊಂಡು ಸುಕ್ಕು ಬೀಳುತ್ತದೆ. ಇಸ್ತ್ರಿ ಮಾಡಿದರೂ ಸರಿಹೋಗುವುದು ಕಷ್ಟ. ಹಾಗಾಗಿ ಎರಡನ್ನೂ ರಾತ್ರಿಯಿಡೀ ನೀರಲ್ಲಿ ನೆನೆಸಿ, ಒಣಗಿಸಿ, ಆಮೇಲೆ ಟೈಲರ್‌ಗೆ ಕೊಡಿ. ಲೈನಿಂಗ್ ಒಂದಿಂಚು ಗಿಡ್ಡ ಇರಲಿ, ಕೆಳಗಿನ ಅಂಚು ಕುರ್ತಾಗೆ ಸೇರಿಸಬೇಡಿ ಅಂತ ಹೇಳಿ. ಕ್ರೇಪ್ ಲೈನಿಂಗ್ ಅಷ್ಟು ಕುಗ್ಗುವುದಿಲ್ಲ, ನಿಜ. ಆದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಪಾಲಿಯೆಸ್ಟರ್, ಬೆವರು ಹೀರುವುದಿಲ್ಲ. ಸೆಕೆಗೆ ಅಂತಲೇ ಕಾಟನ್ ಆರಿಸಿದವರಿಗೆ ಅದು ಬೇಡ.

ಸ್ಲಿಪ್ ಒಂದಿದ್ದರೆ ನಾಲ್ಕಾರು ಕುರ್ತಾಗೆ ಆಗುತ್ತದೆ, ಕುರ್ತಾನೂ ಬೇಗ ಒಣಗುತ್ತದೆ. ತೋಳು ಮಾತ್ರ ತೆಳುವಾಗೇ ಉಳಿಯುತ್ತದೆ. ಸೈಡ್ ಕಟ್ ಇದ್ದರೆ ಉದ್ದ ಸ್ಲಿಪ್ ಹೊರಗೆ ಕಾಣುತ್ತದೆ, ಕಟ್ ಶುರುವಾಗುವ ಜಾಗದವರೆಗಿನದು ತಗೊಳ್ಳಿ.

ಬಣ್ಣದಲ್ಲಿ ಎರಡಕ್ಕೂ ಬೇರೆ ಲೆಕ್ಕ. ಬಿಳಿ ಕುರ್ತಾ ಒಳಗೆ ಬಿಳಿ ಸ್ಲಿಪ್ ಹಾಕಿದರೆ ಮೈಬಣ್ಣದ ಪಕ್ಕ ಅದರ ಪಟ್ಟಿ, ಅಂಚು ಎದ್ದು ಕಾಣುತ್ತವೆ. ನಿಮ್ಮ ಮೈಬಣ್ಣಕ್ಕೆ ಹತ್ತಿರದ್ದೇ ಒಳ್ಳೆಯದು. ಲೈನಿಂಗ್ ಪೂರ್ತಿ ಹರಡಿರುವುದರಿಂದ ಬಿಳಿಯೇ ಇರಲಿ, ಇಲ್ಲದಿದ್ದರೆ ಕುರ್ತಾ ಮಾಸಿದಂತೆ ಕಾಣುತ್ತದೆ. ತಿಳಿ ಗುಲಾಬಿ, ತಿಳಿ ನೀಲಿಗೆ ಅದೇ ಬಣ್ಣದ ಲೈನಿಂಗ್ ಹಾಕಿಸಿ.